ತಿಂಗಳಲ್ಲಿ ಆರೇ ದಿನ ತಲೆ ಸಿಡಿಯುತ್ತದೆ, ಚೀಟಿಯಲ್ಲಿ "ದೀರ್ಘಕಾಲಿಕ ಮೈಗ್ರೇನ್" ಎಂದು ಬರೆದಿದ್ದಾರೆ. ಇದು ಹೇಗೆ?

ಮಾಲತಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕಾಲೇಜಿನಲ್ಲಿದ್ದಾಗಿನಿಂದಲೂ ಅರೆತಲೆನೋವು ಇದೆ. ಈಚೆಗೆ ಹೆಚ್ಚಾಯಿತು ಎಂದು ನರರೋಗ ತಜ್ಞರನ್ನು ಕಂಡೆ. ಅವರು ಒಂದಿಷ್ಟು ಪ್ರಶ್ನೆ ಕೇಳಿ, ಕಣ್ಣಿನೊಳಗೆ ದೀಪ ಬಿಟ್ಟು ನೋಡಿ, ಚೀಟಿಯಲ್ಲಿ "ದೀರ್ಘಕಾಲಿಕ ಮೈಗ್ರೇನ್" ಎಂದು ಬರೆದರು. ಸ್ಕ್ಯಾನ್ ಸದ್ಯಕ್ಕೆ ಬೇಡ ಎಂದರು. ಮನೆಗೆ ಬಂದು ಓದಿದರೆ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು ಇದ್ದವರಿಗೆ ಮಾತ್ರ ಈ ಹೆಸರು ಎಂದಿದೆ. ನನಗೆ ವಾಂತಿಯಾಗಿ ಕತ್ತಲೆ ಕೋಣೆಯಲ್ಲಿ ಮಲಗುವಂತಾಗುವುದು ತಿಂಗಳಲ್ಲಿ ಆರು ದಿನ. ಅವರಿಗೆ ನನ್ನ ಮಾತು ತಪ್ಪಾಗಿ ಕೇಳಿಸಿತೇ?

ಇನ್ನೊಂದು ವಿಷಯ. ಟೊಪಿರಮೇಟ್ ಎಂಬ ಮಾತ್ರೆ ಬರೆದಿದ್ದಾರೆ. ಅಂಗಡಿಯವರು ಚೀಟಿ ನೋಡಿ "ಇದು ಮೂರ್ಛೆ ರೋಗದ ಮಾತ್ರೆ ಮೇಡಂ, ನಿಮಗೇಕೆ?" ಎಂದು ಕೇಳಿದರು. ತಂದಿಟ್ಟಿದ್ದೇನೆ, ಇನ್ನೂ ಆರಂಭಿಸಿಲ್ಲ.

ರಘುನಂದನ

ಮೇಡಂ, ಲೆಕ್ಕ ನೇರವಾಗಿದೆ. 15 ದಿನ ಮೈಗ್ರೇನ್ ಬರಬೇಕು, ನಿಮಗೆ ಬರುವುದು 6 ದಿನ. ಹಾಗಾಗಿ ಇದು ದೀರ್ಘಕಾಲಿಕ ಅಲ್ಲ. ದೊಡ್ಡ ಹೆಸರು ಬರೆದರೆ ದೊಡ್ಡ ಚುಚ್ಚುಮದ್ದು ಬರೆಯಲು ದಾರಿಯಾಗುತ್ತದೆ, ಅಷ್ಟೇ. ನನಗೂ ಹತ್ತು ವರ್ಷ ಈ ಕಾಟ ಇತ್ತು. ನೋವಿನ ಮಾತ್ರೆಗಳೇ ನೋವು ತರುತ್ತವೆ ಎಂದು ಗೊತ್ತಾದ ಮೇಲೆ ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟೆ, ಸರಿಹೋಯಿತು. ನೀವೂ ಬಿಡಿ.

ಪಾರ್ವತಮ್ಮ

ನನಗೂ ವಾರದಲ್ಲಿ ಮೂರ್ನಾಲ್ಕು ದಿನ ಹಣೆ, ಕಣ್ಣಿನ ಸುತ್ತ ನೋವು. ಇದು ಸೈನಸ್. ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಳ್ಳಮ್ಮ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಶಾಲೆಗೆ ಓಡುವುದನ್ನು ಬಿಡು.

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಮಾಲತಿಯವರೇ, ನಿಮ್ಮ ವೈದ್ಯರು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ ಎಂದೇ ನನಗೆ ಅನಿಸುತ್ತದೆ. ಖಚಿತವಾಗಿ ಹೇಳಬೇಕಾದರೆ ನಿಮ್ಮ ಕಳೆದ ತಿಂಗಳು ಹೇಗೆ ಹೋಯಿತು ಎಂದು ತಿಳಿಯಬೇಕು.

ರಘುನಂದನ ಅವರು ಹೇಳಿದ 15, ಮೈಗ್ರೇನ್ ದಿನಗಳ ಎಣಿಕೆಯಲ್ಲ. ಅದು ಯಾವುದೇ ತಲೆನೋವು ಇದ್ದ ದಿನಗಳ ಎಣಿಕೆ. ತಲೆ ಸಿಡಿದ ದಿನವೂ ಒಂದು, "ಏನೋ ತಲೆಭಾರ" ಎಂದುಕೊಂಡು ಕೆಲಸ ಮುಗಿಸಿದ ದಿನವೂ ಒಂದು. ಹೀಗೆ ತಿಂಗಳಿಗೆ 15 ಅಥವಾ ಹೆಚ್ಚು, ಮೂರು ತಿಂಗಳಿಗಿಂತ ಹೆಚ್ಚು ಕಾಲ ನಡೆದಿರಬೇಕು. ಆ ದಿನಗಳಲ್ಲಿ ಕನಿಷ್ಠ 8 ದಿನಗಳ ನೋವಿಗೆ ಮೈಗ್ರೇನ್ ಗುಣ ಇರಬೇಕು. ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣ ಹೇಳುವುದು ಇಷ್ಟು. ಆ 8ರೊಳಗೆ ಇನ್ನೊಂದು ಬಾಗಿಲೂ ಇದೆ: ನೋವು ಶುರುವಾಗುವಾಗಲೇ "ಇದು ಮೈಗ್ರೇನ್" ಎಂದು ನಿಮಗೆ ಅನಿಸಿ, ಬಂದ ಮೈಗ್ರೇನನ್ನು ಇಳಿಸುವ ಟ್ರಿಪ್ಟಾನ್ ವರ್ಗದ ಮಾತ್ರೆ ನುಂಗಿ ಅದು ಇಳಿದುಹೋದರೆ, ಪೂರ್ತಿ ಸಿಡಿಯದಿದ್ದರೂ ಆ ದಿನವನ್ನು ಮೈಗ್ರೇನ್ ದಿನವೆಂದೇ ಎಣಿಸುತ್ತೇವೆ. ಮಾತ್ರೆ ಅಡಗಿಸಿದ ರೋಗವೂ ರೋಗವೇ ತಾನೇ.

"ತಿಂಗಳಿಗೆ ಎಷ್ಟು ದಿನ ತಲೆನೋವು?" ಎಂದು ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಜನ ಕೆಟ್ಟ ದಿನಗಳನ್ನಷ್ಟೇ ಹೇಳುತ್ತಾರೆ. "ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ತಲೆ ಎಂಬುದೊಂದಿದೆ ಎಂಬ ನೆನಪೇ ಬಾರದ ದಿನ ಎಷ್ಟು?" ಎಂದು ಕೇಳುತ್ತೇನೆ. ಆರು ದಿನ ಎಂದವರು ಈ ಪ್ರಶ್ನೆಗೆ ಹತ್ತು ಎನ್ನುತ್ತಾರೆ. ಹಾಗಾದರೆ ಉಳಿದ ಹದಿನಾಲ್ಕು ದಿನ ಎಲ್ಲಿ ಹೋದವು? ನಿಮಗೆ ಶುದ್ಧವಾದ ದಿನ ಎಷ್ಟು? ಮಾತ್ರೆ ನುಂಗಿದ ದಿನ ಎಷ್ಟು, ಯಾವ ಮಾತ್ರೆ? ನೆನಪಿನಿಂದ ಬೇಡ, ಬರೆದಿಟ್ಟಿದ್ದರೆ ಹೇಳಿ.

ಪಾರ್ವತಮ್ಮನವರೇ, ಮೂಗಿನಿಂದ ಹಳದಿ ಸಿಂಬಳ, ಜ್ವರ ಏನಾದರೂ ಇರುತ್ತದೆಯೇ?

ಮಾಲತಿ, ಶಿವಮೊಗ್ಗ

ಬರೆದಿಟ್ಟಿದ್ದೇನೆ ಮೇಡಂ. ವೈದ್ಯರನ್ನು ಕಾಣುವ ಮುನ್ನ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತರಲು ಅವರ ಸಹಾಯಕಿ ಫೋನಿನಲ್ಲಿ ಹೇಳಿದ್ದರು. 30 ದಿನಗಳ ತಿಂಗಳು.

ಕೆಂಪು ಗುರುತು, ಅಂದರೆ ಬಲಗಣ್ಣಿನ ಹಿಂದೆ ತಿವಿತ, ವಾಂತಿ, ಬೆಳಕು ಬೇಡ: 6 ದಿನ. ಆರೂ ದಿನ ರೈಜಾಟ್ರಿಪ್ಟಾನ್ ನುಂಗಿದ್ದೇನೆ. ಅದರಲ್ಲಿ ಎರಡು ದಿನ ಸಂಜೆ ಮತ್ತೆ ಬಂತೆಂದು ಅಂಗಡಿಯ ಮಾತ್ರೆಯನ್ನೂ ನುಂಗಿದೆ, ಪ್ಯಾರಾಸಿಟಮಾಲ್ ಜೊತೆಗೆ ಕೆಫೀನ್ ಇರುವಂಥದ್ದು.

ನೀಲಿ ಗುರುತು, ಅಂದರೆ ನೋವು ಬಂದರೂ ಪಾಠ ಮಾಡಿದ ದಿನ: 5. ಮೂರು ದಿನ "ಬರುತ್ತಿದೆ" ಎನ್ನಿಸಿದಾಗಲೇ ರೈಜಾಟ್ರಿಪ್ಟಾನ್ ನುಂಗಿದೆ, ಒಂದೂವರೆ ಗಂಟೆಯಲ್ಲಿ ಇಳಿಯಿತು. ಉಳಿದ ಎರಡು ದಿನ ಅಂಗಡಿಯ ಮಾತ್ರೆ.

ಇನ್ನು 8 ದಿನ ಸುಮ್ಮನೆ ಚುಕ್ಕೆ ಇಟ್ಟಿದ್ದೇನೆ. ಕುತ್ತಿಗೆ ಬಿಗಿತ, ತಲೆ ತುಂಬ ಹತ್ತಿ ತುರುಕಿದಂತೆ. ಅದರಲ್ಲಿ ನಾಲ್ಕು ದಿನ ಅಂಗಡಿಯ ಮಾತ್ರೆ ನುಂಗಿದ್ದೇನೆ. ಇದನ್ನು ತಲೆನೋವು ಎಂದು ನಾನು ಯಾರಿಗೂ ಹೇಳಿಕೊಂಡದ್ದೇ ಇಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದಲೂ ಹೀಗೆಯೇ ಇದೆ. ಈಗ ನವೆಂಬರ್.

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಇಷ್ಟು ಚೆನ್ನಾಗಿ ಬರೆದ ಕ್ಯಾಲೆಂಡರ್ ನನ್ನ ಹೊರರೋಗಿ ವಿಭಾಗಕ್ಕೆ ಬರುವುದು ಅಪರೂಪ. ಈಗ ಕೂಡಿಸೋಣ.

6, 5, 8 ಸೇರಿದರೆ 19 ದಿನ. ಶುದ್ಧವಾದ ದಿನ 11. ಮೈಗ್ರೇನ್ ಗುಣದ ದಿನಗಳು: ಕೆಂಪು ಆರು, ಮೊದಲೇ ಗುರುತಿಸಿ ರೈಜಾಟ್ರಿಪ್ಟಾನ್‌ನಿಂದ ಇಳಿಸಿದ ಮೂರು, ಒಟ್ಟು 9. ಬೇಕಾದದ್ದು 8. ಐದು ತಿಂಗಳಿಂದ ಹೀಗಿದೆ ಎನ್ನುತ್ತೀರಿ. ಆರಂಭದ ತಿಂಗಳುಗಳ ಲೆಕ್ಕ ನೆನಪಿನದ್ದಾದರೂ ಚೀಟಿಯಲ್ಲಿರುವ ಹೆಸರು ಸರಿ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ ಲೆಕ್ಕ, ಮಾತ್ರೆಯದು. ರೈಜಾಟ್ರಿಪ್ಟಾನ್ 9 ದಿನ. ಟ್ರಿಪ್ಟಾನ್‌ಗೆ ಮಿತಿ 10 ದಿನ, ನೀವು ಒಳಗೇ ಇದ್ದೀರಿ. ಕೆಫೀನ್ ಬೆರೆತ ಮಾತ್ರೆ 2, 2, 4 ಸೇರಿ 8 ದಿನ. ಇಂಥ ಮಿಶ್ರ ಮಾತ್ರೆಗೂ ಮಿತಿ 10, ಅಲ್ಲಿಯೂ ಒಳಗೇ ಇದ್ದೀರಿ. ಬೇರೆ ಬೇರೆಯಾಗಿ ನೋಡಿದರೆ ಎರಡೂ ನಿರಪರಾಧಿಗಳು. ಆದರೆ ಯಾವುದಾದರೂ ಒಂದು ಮಾತ್ರೆ ಹೊಟ್ಟೆಗೆ ಹೋದ ದಿನ ಎಷ್ಟು ಎಂದು ಕೇಳಿದರೆ 6, 5, 4 ಸೇರಿ 15. ಹಲವು ಬಗೆಯ ಮಾತ್ರೆ ಬೆರೆಸುವವರಿಗೆ ಎಲ್ಲ ಸೇರಿ 10 ದಿನವೇ ಗಡಿ. ಅದನ್ನು ನೀವು ಎಂದೋ ದಾಟಿದ್ದೀರಿ. ಬರಿಯ ಪ್ಯಾರಾಸಿಟಮಾಲ್ ಅಥವಾ ಬರಿಯ ಐಬುಪ್ರೊಫೆನ್ ಮಾತ್ರ ನುಂಗುವವರಿಗೆ ಗಡಿ 15 ದಿನ. ಇಲ್ಲಿ ಎಣಿಸುವುದು ದಿನಗಳನ್ನು, ಗುಳಿಗೆಗಳನ್ನಲ್ಲ. ಒಂದು ದಿನ ಮೂರು ನುಂಗಿದರೂ ಒಂದೇ ದಿನ.

ಆದ್ದರಿಂದ ನಿಮಗೆ ಎರಡು ಹೆಸರು ಒಟ್ಟಿಗೆ ಸಲ್ಲುತ್ತವೆ: ದೀರ್ಘಕಾಲಿಕ ಮೈಗ್ರೇನ್ ಮತ್ತು ಅತಿಯಾದ ಮಾತ್ರೆ ಬಳಕೆಯ ತಲೆನೋವು. ಯಾವುದು ಮೊದಲು ಬಂತು ಎಂದು ಈಗ ಹೇಳಲಾಗದು. ನೋವು ಹೆಚ್ಚಾಯಿತೆಂದು ಮಾತ್ರೆ ಹೆಚ್ಚಾಯಿತೋ, ಮಾತ್ರೆ ಹೆಚ್ಚಾಗಿ ನೋವು ಹೆಚ್ಚಾಯಿತೋ? ಸಾಮಾನ್ಯವಾಗಿ ಎರಡೂ ಒಂದನ್ನೊಂದು ಎಳೆಯುತ್ತಿರುತ್ತವೆ.

ನೀವು ಒಂಟಿಯಲ್ಲ ಎಂಬುದಕ್ಕೆ ನಮ್ಮ ಕಡೆಯದೇ ಲೆಕ್ಕವಿದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಜನರನ್ನು ಕೇಳಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು, ಅದರಲ್ಲಿ ನಿಮ್ಹಾನ್ಸ್‌ನವರಿದ್ದರು. ನಾಲ್ವರಲ್ಲಿ ಒಬ್ಬರಿಗೆ ಆ ವರ್ಷ ಮೈಗ್ರೇನ್ ಬಂದಿತ್ತು. ಎಲ್ಲ ಬಗೆಯ ತಲೆನೋವು ಸೇರಿ ತಿಂಗಳಿಗೆ 15 ದಿನ ಅಥವಾ ಹೆಚ್ಚು ನರಳುವವರು ನೂರಕ್ಕೆ ಮೂವರು.

ಬಸವರಾಜ, ಔಷಧ ಅಂಗಡಿ, ಹಾವೇರಿ

ಅಂಗಡಿಯವರ ಪರವಾಗಿ ಒಂದು ಮಾತು. ಟೊಪಿರಮೇಟ್ ಮೂರ್ಛೆಗೂ ಕೊಡುತ್ತಾರೆ, ಮೈಗ್ರೇನಿಗೂ ಕೊಡುತ್ತಾರೆ. ಪ್ರೊಪ್ರನಾಲಾಲ್ ಬಿ.ಪಿ.ಗೂ ಹೋಗುತ್ತದೆ, ಅಮಿಟ್ರಿಪ್ಟಿಲಿನ್ ಖಿನ್ನತೆಗೂ ಹೋಗುತ್ತದೆ. ಕೌಂಟರಿನಲ್ಲಿ ನಿಂತ ಹುಡುಗನಿಗೆ ಒಂದು ಉಪಯೋಗ ಮಾತ್ರ ಗೊತ್ತಿರುತ್ತದೆ, ಜೋರಾಗಿ ಹೇಳಿಬಿಡುತ್ತಾನೆ. ಮಾತ್ರೆ ಕೊಂಡವರು ಮನೆಗೆ ಹೋಗಿ ಕಪಾಟಿನಲ್ಲಿಡುತ್ತಾರೆ.

ನಾನು ದಿನವೂ ನೋಡುವುದು ಇನ್ನೊಂದು. ಎರ್ಗೋಟಮೈನ್ ಮತ್ತು ಕೆಫೀನ್ ಇರುವ ಮಾತ್ರೆಯನ್ನು ಕೆಲವರು ಪಟ್ಟಿಗಟ್ಟಲೆ ಒಯ್ಯುತ್ತಾರೆ. ಎಂದೋ ಯಾರೋ ಬರೆದುಕೊಟ್ಟ ಚೀಟಿ, ಮಡಚಿ ಮಡಚಿ ಅಕ್ಷರವೇ ಹೋಗಿರುತ್ತದೆ. ಕೊಡುವುದಿಲ್ಲ ಎಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ.

ರಘುನಂದನ

ಅದನ್ನೇ ನಾನು ಹೇಳಿದ್ದು! ಮಾತ್ರೆಯೇ ಕಾರಣ. ಹಾಗಿರುವಾಗ ಇನ್ನೊಂದು ಮಾತ್ರೆ ಏಕೆ? ಮೊದಲು ಎಲ್ಲವನ್ನೂ ನಿಲ್ಲಿಸಲಿ, ಎರಡು ತಿಂಗಳ ನಂತರ ನೋಡಲಿ.

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಅರ್ಧ ಒಪ್ಪುತ್ತೇನೆ ಸರ್. ಮಾತ್ರೆ ಇಳಿಸಲೇಬೇಕು. ಆದರೆ "ಮೊದಲು ನಿಲ್ಲಿಸಿ, ಆಮೇಲೆ ನೋಡೋಣ" ಎಂಬ ಹಳೆಯ ಕ್ರಮವನ್ನು ಡೆನ್ಮಾರ್ಕಿನವರು ಪರೀಕ್ಷೆಗೆ ಒಡ್ಡಿ 2020ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ನೋವಿನ ಮಾತ್ರೆ ನಿಲ್ಲಿಸಿ ಅಂದೇ ತಡೆ ಔಷಧ, ಅಂದರೆ ನೋವು ಬಾರದಂತೆ ತಡೆಯುವ ಔಷಧ, ಇನ್ನೊಂದಕ್ಕೆ ನಿಲ್ಲಿಸದೆ ತಡೆ ಔಷಧ, ಮೂರನೆಯದಕ್ಕೆ ನಿಲ್ಲಿಸಿ ಎರಡು ತಿಂಗಳ ನಂತರ ಬೇಕಿದ್ದರೆ ತಡೆ ಔಷಧ. ತಲೆನೋವಿನ ದಿನಗಳು ಮೂರರಲ್ಲೂ ಇಳಿದವು, ಅದರಲ್ಲಿ ದೊಡ್ಡ ಅಂತರವಿರಲಿಲ್ಲ. ಆದರೆ ಮಾತ್ರೆಯ ಹಿಡಿತದಿಂದ ಪೂರ್ತಿ ಬಿಡಿಸಿಕೊಂಡವರು ಮೊದಲ ಗುಂಪಿನಲ್ಲಿ ಹೆಚ್ಚು. ನಾನು ಅದನ್ನೇ ಮಾಡುತ್ತೇನೆ.

ಒಂದೇ ದಿನದಲ್ಲಿ ಬಿಡುವ ಬಗ್ಗೆ: ಟ್ರಿಪ್ಟಾನ್, ಪ್ಯಾರಾಸಿಟಮಾಲ್ ಬಿಡಬಹುದು. ಮೊದಲ ವಾರ, ಕೆಲವರಿಗೆ ಹತ್ತು ದಿನ, ನೋವು ಇನ್ನಷ್ಟು ಕೆರಳುತ್ತದೆ, ವಾಕರಿಕೆ, ನಿದ್ದೆಗೇಡು ಇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಮೂರನೆಯ ದಿನವೇ ಅಂಗಡಿಗೆ ಹೋಗುತ್ತಾರೆ. ಟ್ರಮಡಾಲ್‌ನಂಥ ಅಫೀಮು ವರ್ಗದ ಮಾತ್ರೆ ಅಥವಾ ನಿದ್ದೆ ಮಾತ್ರೆಯನ್ನು ದಿನವೂ ನುಂಗುತ್ತಿದ್ದವರು ಹೀಗೆ ಹಠಾತ್ತನೆ ಬಿಡಬಾರದು, ವೈದ್ಯರ ಕಣ್ಣಳತೆಯಲ್ಲಿ ಇಳಿಸಬೇಕು. ನಿಮಗೆ ನಡೆದದ್ದು ಎಲ್ಲರಿಗೂ ನಡೆಯುತ್ತದೆ ಎಂದು ಹೇಳಬೇಡಿ.

ಅರವಿಂದ, ಸ್ನಾತಕೋತ್ತರ ವಿದ್ಯಾರ್ಥಿ, ಹುಬ್ಬಳ್ಳಿ

ಮೇಡಂ, ಇಲ್ಲಿ ಒಂದು ತಕರಾರು. 2022ರಲ್ಲಿ ಅಮೆರಿಕದಲ್ಲಿ 720 ಜನರ ಮೇಲೆ ನಡೆದ ಪ್ರಯೋಗ ಬಂತಲ್ಲ. ಒಂದು ಗುಂಪಿಗೆ ತಡೆ ಔಷಧದ ಜೊತೆ ಅತಿಯಾಗಿ ಬಳಸುತ್ತಿದ್ದ ಮಾತ್ರೆಯನ್ನು ಬದಲಿಸಿ ವಾರಕ್ಕೆ ಎರಡು ದಿನದ ಮಿತಿ ಹಾಕಿದರು. ಇನ್ನೊಂದು ಗುಂಪಿಗೆ ತಡೆ ಔಷಧ ಕೊಟ್ಟು, ಹಳೆಯ ಮಾತ್ರೆಯನ್ನು ಮಿತಿಯಿಲ್ಲದೆ ಮುಂದುವರಿಸಲು ಬಿಟ್ಟರು. ಫಲಿತಾಂಶದಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎನ್ನುವಂತಿರಲಿಲ್ಲ. ಹಾಗಿದ್ದರೆ ರೋಗಿಯನ್ನು ಹತ್ತು ದಿನ ನರಳಿಸುವುದೇಕೆ?

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಓದಿದ್ದೇನೆ. ತಡೆ ಔಷಧ ಕೆಲಸ ಮಾಡಿದರೆ ಮಾತ್ರೆ ತಾನಾಗಿಯೇ ಇಳಿಯುತ್ತದೆ ಎನ್ನುವ ವಾದಕ್ಕೆ ಅದು ಬಲ ಕೊಡುತ್ತದೆ. ಆದರೆ ಔಷಧ ಅಂಗಡಿ ಮನೆಯ ಎದುರಿಗೇ ಇದ್ದು, ಚೀಟಿ ಇಲ್ಲದೆ ಎಲ್ಲವೂ ಸಿಗುವ ಊರಿನಲ್ಲಿ ಮಿತಿ ಹಾಕದೆ ಕಳಿಸಲು ನನಗೆ ಧೈರ್ಯವಿಲ್ಲ. ನನ್ನದು ವಾರಕ್ಕೆ ಎರಡು ದಿನ ಎಂಬ ನಿಯಮ. ಇದರಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರಬೇಕಾಗಿಲ್ಲ, ತಲೆನೋವು ತಜ್ಞರೇ ಬಂದಿಲ್ಲ.

ಮಾಲತಿ, ಶಿವಮೊಗ್ಗ

ನನ್ನ ಚೀಟಿಯಲ್ಲಿಯೂ "ವಾರಕ್ಕೆ 2 ದಿನ ಮೀರಬಾರದು" ಎಂದಿದೆ, ಅಡಿಗೆರೆ ಹಾಕಿದ್ದಾರೆ. ಕೆಫೀನ್ ಮಾತ್ರೆ ಪೂರ್ತಿ ಬಂದ್. ಟೊಪಿರಮೇಟ್ 25 ಮಿ.ಗ್ರಾಂ ರಾತ್ರಿ ಒಂದು ವಾರ, ನಂತರ ವಾರಕ್ಕೆ 25ರಂತೆ ಏರಿಸಿ 100ಕ್ಕೆ, ಬೆಳಗ್ಗೆ 50 ರಾತ್ರಿ 50. ಹೆದರಬೇಕಾದದ್ದು ಏನಾದರೂ ಇದೆಯೇ? ಮಕ್ಕಳ ಮುಂದೆ ನಿಂತು ಮಾತನಾಡುವುದೇ ನನ್ನ ಕೆಲಸ.

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಬೆರಳ ತುದಿ ಮತ್ತು ತುಟಿ ಜುಮ್ಮೆನ್ನುತ್ತವೆ, ಅದಕ್ಕೆ ಹೆದರಬೇಡಿ. ಸೋಡಾ ಕುಡಿದರೆ ಸಪ್ಪೆ ಎನಿಸುತ್ತದೆ. ಹಸಿವು ಕಡಿಮೆಯಾಗಿ ತೂಕ ಇಳಿಯುತ್ತದೆ. ಮೂತ್ರಪಿಂಡದ ಕಲ್ಲು ಆಗಿದ್ದರೆ ವೈದ್ಯರಿಗೆ ಹೇಳಿ, ಆಗಿಲ್ಲದಿದ್ದರೂ ನೀರು ಚೆನ್ನಾಗಿ ಕುಡಿಯಿರಿ. ಶಿಕ್ಷಕರಿಗೆ ನಿಜವಾದ ತೊಂದರೆ ಒಂದಿದೆ: ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಡುವುದು. ಹಾಗಾದರೆ ಪ್ರಮಾಣ ಇಳಿಸುತ್ತಾರೆ ಅಥವಾ ಮಾತ್ರೆ ಬದಲಿಸುತ್ತಾರೆ.

ಎರಡು ವಿಷಯಕ್ಕೆ ಮಾತ್ರ ತಡಮಾಡಬಾರದು. ಕಣ್ಣು ನೋವು ಬಂದು ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯಾಗುವ ಯೋಚನೆ ಅಥವಾ ಸಾಧ್ಯತೆ ಇದ್ದರೆ ಈ ಮಾತ್ರೆ ಬೇಡ, ಮಗುವಿನಲ್ಲಿ ದೋಷಗಳಾಗುವ ಅಪಾಯವಿದೆ. ಈ ಪ್ರಶ್ನೆಯನ್ನು ನಿಮ್ಮ ವೈದ್ಯರು ಕೇಳಿರಬೇಕು. ಕೇಳಿಲ್ಲದಿದ್ದರೆ ನೀವೇ ಎತ್ತಿ.

ಇನ್ನೊಂದು ಎಚ್ಚರಿಕೆ, ಇದು ಎಲ್ಲ ತಡೆ ಔಷಧಗಳಿಗೂ ಹೊಂದುತ್ತದೆ. "ಹದಿನೈದು ದಿನ ನುಂಗಿದೆ, ಏನೂ ಆಗಲಿಲ್ಲ" ಎಂದು ಬಿಟ್ಟವರೇ ನನ್ನಲ್ಲಿಗೆ "ನನಗೆ ಐದು ಔಷಧಗಳು ಸೋತಿವೆ" ಎಂದು ಬರುತ್ತಾರೆ. ಒಂದೂ ಸೋತಿರುವುದಿಲ್ಲ, ಒಂದಕ್ಕೂ ಸಮಯ ಸಿಕ್ಕಿರುವುದಿಲ್ಲ. ಪೂರ್ತಿ ಪ್ರಮಾಣ ತಲುಪಿದ ಮೇಲೆ ಎಂಟರಿಂದ ಹನ್ನೆರಡು ವಾರ ಬೇಕು. ದೀರ್ಘಕಾಲಿಕ ಮೈಗ್ರೇನಿನಲ್ಲಿ ತಲೆನೋವಿನ ದಿನಗಳು ನೂರಕ್ಕೆ 30ರಷ್ಟು ಇಳಿದರೂ ಔಷಧ ಕೆಲಸ ಮಾಡಿದೆ ಎಂದೇ ಹೇಳುತ್ತೇವೆ. ನಿಮ್ಮ ಲೆಕ್ಕದಲ್ಲಿ 19 ಇದ್ದದ್ದು 13ಕ್ಕೆ ಬಂದರೆ ಸಾಕು. ಸೊನ್ನೆಯನ್ನು ನಿರೀಕ್ಷಿಸಿದರೆ ಒಳ್ಳೆಯ ಔಷಧವನ್ನೂ ಕೈಬಿಡುತ್ತೀರಿ.

ಇಮ್ತಿಯಾಜ್, ಕಲಬುರಗಿ

ಡಾಕ್ಟರ್ ಮೇಡಂ, ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ತಂದೆಗೆ 66 ವರ್ಷ. ಮೂರು ವಾರದಿಂದ ದಿನವೂ ಕಣತಲೆಯಲ್ಲಿ ನೋವು. ಮೊದಲು ಎಂದೂ ತಲೆನೋವು ಎಂದವರಲ್ಲ. ರೊಟ್ಟಿ ಅಗಿಯುವಾಗ ದವಡೆ ನೋಯುತ್ತದೆ, ಅರ್ಧಕ್ಕೆ ಬಿಡುತ್ತಾರೆ. ತಲೆ ಬಾಚಲು ಬಿಡುವುದಿಲ್ಲ. ಇವರಿಗೂ 15 ದಿನ ದಾಟಿತಲ್ಲ, ಟೊಪಿರಮೇಟ್ ಕೊಡಬಹುದೇ?

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಇಮ್ತಿಯಾಜ್, ಇದು ಈ ಚರ್ಚೆಯ ತಲೆನೋವು ಅಲ್ಲ. ಇಂದೇ ಕರೆದುಕೊಂಡು ಹೋಗಿ, ನಾಳೆಗೆ ಬೇಡ. ಐವತ್ತು ದಾಟಿದವರಿಗೆ ಮೊದಲ ಬಾರಿಗೆ ಬಂದ ತಲೆನೋವು, ಅಗಿಯುವಾಗ ದವಡೆ ನೋವು, ತಲೆ ಮುಟ್ಟಿದರೆ ನೋವು ಎಂದರೆ ಕಣತಲೆಯ ರಕ್ತನಾಳದ ಉರಿಯೂತವನ್ನು ಮೊದಲು ಯೋಚಿಸಬೇಕು. ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅನುಮಾನ ಬಲವಾಗಿದ್ದರೆ ಉಳಿದ ಪರೀಕ್ಷೆಗಳಿಗೆ ಕಾಯದೆ ಸ್ಟೀರಾಯ್ಡ್ ಆರಂಭಿಸುತ್ತಾರೆ, ಏಕೆಂದರೆ ತಡವಾದರೆ ಕಣ್ಣು ಹೋಗಬಹುದು, ಹೋದದ್ದು ಸಾಮಾನ್ಯವಾಗಿ ಬರುವುದಿಲ್ಲ. ನೀವು ಇಲ್ಲಿ ಬರೆದ ಮೂರು ಮಾತನ್ನೇ ಅಲ್ಲಿಯೂ ಹೇಳಿ. ನೋಡಲು ಕಷ್ಟವಾಗುತ್ತಿದೆಯೇ, ಎರಡೆರಡಾಗಿ ಕಾಣುತ್ತಿದೆಯೇ ಎಂದು ಹೋಗುವ ದಾರಿಯಲ್ಲಿ ತಂದೆಯವರನ್ನು ಕೇಳಿ.

ಇಮ್ತಿಯಾಜ್, ಕಲಬುರಗಿ

ಹೊರಟೆವು ಮೇಡಂ.

ಶ್ರೀಕಾಂತ, ಮ್ಯಾಂಚೆಸ್ಟರ್

ಮೇಲೆ "ದೊಡ್ಡ ಚುಚ್ಚುಮದ್ದು" ಎಂಬ ಮಾತು ಬಂತು. ಹಾಕಿಸಿಕೊಂಡವನು ನಾನು, ಹೇಗಿರುತ್ತದೆ ಎಂದು ಹೇಳುತ್ತೇನೆ. ಬೊಟ್ಯುಲಿನಮ್ ಟಾಕ್ಸಿನ್, ಮುಖದ ಸುಕ್ಕಿಗೆ ಹಾಕುವ ಅದೇ ವಸ್ತು. ಒಂದು ಸುತ್ತಿನಲ್ಲಿ 31 ಕಡೆ ಚುಚ್ಚುತ್ತಾರೆ, ಒಟ್ಟು 155 ಯೂನಿಟ್. ಹುಬ್ಬಿನ ನಡುವೆ, ಹಣೆ, ಎರಡೂ ಕಣತಲೆ, ತಲೆಯ ಹಿಂಭಾಗ, ಕತ್ತು, ಭುಜದ ಮೇಲೆ. ಸೂಜಿ ಕೂದಲೆಳೆಯಷ್ಟು, ಹತ್ತು ಹದಿನೈದು ನಿಮಿಷದ ಕೆಲಸ. ಹುಬ್ಬಿನ ನಡುವಿನ ಚುಚ್ಚು ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಹನ್ನೆರಡು ವಾರಕ್ಕೊಮ್ಮೆ. ಮೊದಲ ಸುತ್ತಿನ ನಂತರ ನನ್ನ ಕತ್ತು ಸ್ವಲ್ಪ ದಿನ ಸೋತಂತಿತ್ತು, ತಾನಾಗಿಯೇ ಸರಿಯಾಯಿತು.

ಆದರೆ 15ರ ಗಡಿ ನನ್ನನ್ನು ಬೇರೆ ರೀತಿಯಲ್ಲಿ ಕಾಡಿತು. ಇಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ 2012ರಿಂದ ಒಂದು ನಿಯಮವಿದೆ. ಕನಿಷ್ಠ ಮೂರು ತಡೆ ಔಷಧ ಫಲ ಕೊಡದಿದ್ದರೆ, ಅತಿ ಮಾತ್ರೆಯ ಸಮಸ್ಯೆಯನ್ನು ನೋಡಿಕೊಂಡಿದ್ದರೆ ಮಾತ್ರ ಈ ಚುಚ್ಚುಮದ್ದು. ಎರಡು ಸುತ್ತಿನಲ್ಲಿ ನೂರಕ್ಕೆ 30ರಷ್ಟು ಇಳಿಯದಿದ್ದರೆ ನಿಲ್ಲಿಸುತ್ತಾರೆ, ಅದು ನ್ಯಾಯವೇ. ಆದರೆ ಮೂರು ತಿಂಗಳು ಸತತವಾಗಿ 15ಕ್ಕಿಂತ ಕೆಳಗೆ ಬಂದರೂ ನಿಲ್ಲಿಸಬೇಕು ಎನ್ನುತ್ತದೆ ನಿಯಮ. ನಾನು 12ಕ್ಕೆ ಇಳಿದೆ, "ನೀವು ಈಗ ದೀರ್ಘಕಾಲಿಕ ಅಲ್ಲ" ಎಂದು ನಮ್ಮ ಆಸ್ಪತ್ರೆಯವರು ನಿಲ್ಲಿಸಿದರು. ಚಳಿಗಾಲ ಮುಗಿಯುವುದರೊಳಗೆ ಮತ್ತೆ ಮೇಲೇರಿತು. ಈಗ ಮತ್ತೆ ಸರದಿಯಲ್ಲಿ ನಿಂತಿದ್ದೇನೆ.

ರಘುನಂದನ

ಅಂದರೆ ಗುಣವಾದರೆ ಔಷಧವಿಲ್ಲ, ಔಷಧ ಬೇಕಾದರೆ ಗುಣವಾಗಬಾರದು! ಒಳ್ಳೆಯ ನಿಯಮ. ಆದರೆ ಆ ಚುಚ್ಚುಮದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ, ಅಥವಾ 31 ಸಲ ಚುಚ್ಚಿಸಿಕೊಂಡ ನಂಬಿಕೆಯೇ?

ಅರವಿಂದ, ಸ್ನಾತಕೋತ್ತರ ವಿದ್ಯಾರ್ಥಿ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ. 2010ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಎರಡು ದೊಡ್ಡ ಪ್ರಯೋಗಗಳ ಮೇಲೆ. ಎರಡನ್ನೂ ಸೇರಿಸಿದರೆ, ಔಷಧ ಪಡೆದವರಲ್ಲಿ ತಲೆನೋವಿನ ದಿನಗಳು ತಿಂಗಳಿಗೆ ಸರಾಸರಿ 8.4 ಇಳಿದವು, ಬರಿಯ ಲವಣದ ನೀರು ಚುಚ್ಚಿಸಿಕೊಂಡವರಲ್ಲಿ 6.6. ಅಂತರ ಎರಡು ದಿನಕ್ಕೂ ಕಡಿಮೆ. ನಂಬಿಕೆಯ ಪಾಲು ದೊಡ್ಡದೇ ಇದೆ. ಆದರೂ ಸರಾಸರಿಯ ಹಿಂದೆ ಏನೂ ಆಗದವರೂ ಇರುತ್ತಾರೆ, ಶ್ರೀಕಾಂತ ಸರ್ ಅವರಂತೆ ಬಹಳ ಇಳಿದವರೂ ಇರುತ್ತಾರೆ.

15 ಎಂಬ ಗಡಿಯ ಬಗ್ಗೆ ನನ್ನ ಮಾತು: ಅದು ದೇಹದಲ್ಲಿರುವ ಗೆರೆಯಲ್ಲ, ನಾವು ಎಳೆದದ್ದು. ತಿಂಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ದಿನ ಎಂಬ ಅನುಕೂಲದ ಸಂಖ್ಯೆ. 8ರಿಂದ 14 ದಿನ ಇರುವ ಹಲವರು 15 ದಾಟಿದವರಷ್ಟೇ ನರಳುತ್ತಾರೆ. ಒಬ್ಬರೇ ರೋಗಿ ವರ್ಷದಲ್ಲಿ ಹಲವು ಸಲ ಗೆರೆಯ ಆಚೆ ಈಚೆ ಓಡಾಡುತ್ತಾರೆ. ಆ ಗೆರೆಯನ್ನೇ ತೆಗೆಯಬೇಕು ಅಥವಾ ಕೆಳಗಿಳಿಸಬೇಕು ಎನ್ನುವವರಿದ್ದಾರೆ.

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಗೆರೆ ಕೃತಕವೇ. ಆದರೆ ತೆಗೆದುಹಾಕಿದರೆ ಪ್ರಯೋಗ ಮಾಡುವವರಿಗೂ, ವಿಮೆಯವರಿಗೂ, ಯಾರಿಗೆ ಮೊದಲು ಕೊಡಬೇಕೆಂದು ನಿರ್ಧರಿಸುವವರಿಗೂ ಹಿಡಿಯಲು ಏನೂ ಉಳಿಯುವುದಿಲ್ಲ. ನನ್ನ ಜಗಳ ಗೆರೆಯ ಜೊತೆಗಲ್ಲ, ಅದನ್ನು ಔಷಧ ನಿಲ್ಲಿಸಲು ಬಳಸುವುದರ ಜೊತೆಗೆ.

2018ರಿಂದ ಸಿಜಿಆರ್‌ಪಿ ಎಂಬ ನೋವಿನ ಸಂದೇಶವಾಹಕವನ್ನೇ ತಡೆಯುವ ಚುಚ್ಚುಮದ್ದುಗಳೂ ಬಂದಿವೆ, ಕೆಲವನ್ನು ತಿಂಗಳಿಗೊಮ್ಮೆ ಮನೆಯಲ್ಲೇ ಹಾಕಿಕೊಳ್ಳಬಹುದು. 2024ರಲ್ಲಿ ಅಮೆರಿಕದ ತಲೆನೋವು ಸಂಘ ಇವನ್ನು ಮೊದಲ ಸಾಲಿನಲ್ಲೇ ಬಳಸಬಹುದು, ಹಳೆಯ ಮಾತ್ರೆಗಳು ಸೋಲುವವರೆಗೆ ಕಾಯಬೇಕಿಲ್ಲ ಎಂದಿತು. ಸ್ವಂತ ಜೇಬಿನಿಂದ ಔಷಧ ಕೊಳ್ಳುವ ನಮ್ಮ ರೋಗಿಗಳಿಗೆ ಈ ಸಲಹೆ ಸದ್ಯಕ್ಕೆ ದೂರದ ಮಾತು. ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ರಾತ್ರಿ ಕೊಟ್ಟು ಶುರುಮಾಡುವ ದಿನಗಳು ನನಗೆ ಇನ್ನೂ ಮುಗಿದಿಲ್ಲ.

ಮಾಲತಿ, ಶಿವಮೊಗ್ಗ (ಫೆಬ್ರವರಿ)

ಹೇಗಾಯಿತು ಎಂದು ಕೆಲವರು ಕೇಳಿದ್ದರು. ಮೊದಲ ವಾರ ರಘುನಂದನ ಅವರನ್ನೂ ವಸುಂಧರಾ ಮೇಡಂ ಅವರನ್ನೂ ಒಟ್ಟಿಗೆ ಶಪಿಸಿದೆ. ಕೆಫೀನ್ ಮಾತ್ರೆ ಬಿಟ್ಟ ಎರಡನೆಯ ದಿನದಿಂದ ತಲೆ ಒಡೆದು ಹೋಗುವಂತಾಗಿ ರಜೆ ಹಾಕಬೇಕಾಯಿತು. ಎಂಟನೆಯ ದಿನದ ಹೊತ್ತಿಗೆ ಇಳಿಯಿತು. ಕಳೆದ ತಿಂಗಳ ಲೆಕ್ಕ: ತಲೆನೋವಿನ ದಿನ 13, ಅದರಲ್ಲಿ ಕೆಂಪು 4. ಮಾತ್ರೆ ನುಂಗಿದ ದಿನ 7.

ತೊಂದರೆ ಎಂದರೆ, 100ಕ್ಕೆ ಏರಿಸಿದ ಮೇಲೆ ತರಗತಿಯಲ್ಲಿ "ಜೈನ ಬಸದಿ" ಎನ್ನಬೇಕಾದ ಕಡೆ ಬಸದಿ ಎಂಬ ಪದವೇ ಬರಲಿಲ್ಲ. ಗೊಮ್ಮಟನ ಚಿತ್ರ ಕಣ್ಣ ಮುಂದಿದೆ, ಪದ ಇಲ್ಲ. ಮಕ್ಕಳೇ ಹೇಳಿಕೊಟ್ಟರು. ನಮ್ಮ ವೈದ್ಯರು 75ಕ್ಕೆ ಇಳಿಸಿದ್ದಾರೆ, ಈಗ ವಾಸಿ.

ರಘುನಂದನ

13 ಎಂದರೆ ಗೆರೆಯ ಕೆಳಗೆ. ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ?

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಬೇಡ. ಒಂದು ತಿಂಗಳು 13 ಬಂತೆಂದು ನಿಲ್ಲಿಸುವುದಾದರೆ ಮುಂದಿನ ತಿಂಗಳು 16 ಬಂದಾಗ ಏನು ಮಾಡುತ್ತೀರಿ? ಚೆನ್ನಾಗಿ ನಡೆದರೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸಿ ನೋಡುವುದು ರೂಢಿ. ಮಾಲತಿಯವರೇ, ನನಗೆ 13ಕ್ಕಿಂತ ಆ 7 ಹೆಚ್ಚು ಸಂತೋಷ ಕೊಟ್ಟಿತು. ಮಾರ್ಚ್, ಏಪ್ರಿಲ್‌ನಲ್ಲಿ ಪರೀಕ್ಷೆ ಮತ್ತು ಮೌಲ್ಯಮಾಪನ ಬರುತ್ತದೆ. ಊಟ ತಪ್ಪಿ, ನಿದ್ದೆ ಕೆಟ್ಟು, ಪೆನ್ನು ಹಿಡಿದ ಕೈಯಲ್ಲೇ ಮಾತ್ರೆಯ ಪಟ್ಟಿ ಬರುವುದು ಆಗಲೇ. ಆ ಎರಡು ತಿಂಗಳ ಕ್ಯಾಲೆಂಡರ್ ಬಿಡಬೇಡಿ.

ಇಮ್ತಿಯಾಜ್, ಕಲಬುರಗಿ

ನಾನು ಆಗಲೇ ತಿಳಿಸಬೇಕಿತ್ತು, ಓಡಾಟದಲ್ಲಿ ಆಗಲಿಲ್ಲ. ತಂದೆಯವರ ಇಎಸ್‌ಆರ್ ಬಹಳ ಹೆಚ್ಚಿತ್ತು. ಅಂದು ರಾತ್ರಿಯೇ ಸ್ಟೀರಾಯ್ಡ್ ಶುರುವಾಯಿತು, ಮೂರು ದಿನದಲ್ಲಿ ದವಡೆ ನೋವು ಹೋಯಿತು. ಕಣ್ಣು ಚೆನ್ನಾಗಿದೆ. ಈಗ ಸಕ್ಕರೆ ಏರಿದೆ ಎಂದು ಅದರ ಹಿಂದೆ ಓಡುತ್ತಿದ್ದೇವೆ.

ಪಾರ್ವತಮ್ಮ

ಡಾಕ್ಟರಮ್ಮ, ನೀವು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು. ಸಿಂಬಳ, ಜ್ವರ ಏನೂ ಇಲ್ಲ. ಬಿಸಿಲಿಗೆ ಹೋದರೆ, ಊಟ ತಡವಾದರೆ ಬರುತ್ತದೆ. ಬಂದಾಗ ಒಗ್ಗರಣೆಯ ವಾಸನೆ ತಡೆಯಲಾಗುವುದಿಲ್ಲ, ಮಲಗಿಬಿಡುತ್ತೇನೆ. ನಮ್ಮ ಅಮ್ಮನಿಗೂ ಹೀಗೆಯೇ ಇತ್ತು, ಅವರೂ ಸೈನಸ್ ಎನ್ನುತ್ತಿದ್ದರು. ಸೈನಸ್‌ಗೂ ಕ್ಯಾಲೆಂಡರ್ ಬರೆಯಬೇಕೇ?

ವಸುಂಧರಾ, ನರರೋಗ ವೈದ್ಯೆ, ಮೈಸೂರು

ಬರೆಯಿರಿ ಪಾರ್ವತಮ್ಮ. ಸೈನಸ್ ತಲೆನೋವು ಎಂದುಕೊಂಡಿದ್ದ ಸುಮಾರು 3,000 ಜನರನ್ನು ಅಮೆರಿಕದಲ್ಲಿ ಕೂರಿಸಿ ವಿಚಾರಿಸಿದಾಗ ನೂರಕ್ಕೆ 88 ಮಂದಿಯದು ಮೈಗ್ರೇನ್ ಬಗೆಯದಾಗಿತ್ತು, 2004ರಲ್ಲಿ ಬಂದ ವರದಿ. ನಿಮ್ಮದು ಯಾವುದೆಂದು ಪರೀಕ್ಷೆ ಮಾಡದೆ ನಾನು ಹೇಳುವುದಿಲ್ಲ, ಆದರೆ ಒಗ್ಗರಣೆಯ ವಾಸನೆಯ ಮಾತನ್ನು ನಿಮ್ಮ ಊರಿನ ವೈದ್ಯರಿಗೆ ತಪ್ಪದೆ ಹೇಳಿ. ಹಬೆ ತೆಗೆದುಕೊಂಡ ದಿನಗಳನ್ನು ಬರೆಯದಿದ್ದರೂ ನಡೆಯುತ್ತದೆ. ಮಾತ್ರೆ ನುಂಗಿದ ದಿನಗಳನ್ನು ಮಾತ್ರ ಬಿಡಬೇಡಿ.

ಪಾರ್ವತಮ್ಮ

ಮಾತ್ರೆಯೇ? ಅದು ದಿನವೂ ಒಂದು ಇರುತ್ತದಮ್ಮ, ಬೆಳಗಿನ ಕಾಫಿಯ ಜೊತೆ, ನೋವು ಬಾರದಿರಲಿ ಎಂದು. ಅದನ್ನೂ ಎಣಿಸಬೇಕೇ?